ಪೂರೈಕೆಯ ಸ್ಥಳ: ಬಿಲ್ಲಿನಲ್ಲಿ ಐಜಿಎಸ್‌ಟಿಯೋ, ಎರಡು ಪಾಲೋ?

ಕೇರಳದ ಗಡಿಯಲ್ಲಿರುವ ಉಪ್ಪಳದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ₹40,000 ಬೆಲೆಯ ನೀರಿನ ಪಂಪ್ ಇದೆ ಎಂದಿಟ್ಟುಕೊಳ್ಳಿ. ಜಿಎಸ್‌ಟಿ ದರ 18%, ಅಂದರೆ ತೆರಿಗೆ ₹7,200. ಯಾರಿಗೆ ಮಾರಿದರೂ ಈ ಮೊತ್ತ ಬದಲಾಗುವುದಿಲ್ಲ. ಬದಲಾಗುವುದು ಬಿಲ್ಲಿನಲ್ಲಿ ಅದನ್ನು ಬರೆಯುವ ರೀತಿ. ಕೆಲವರಿಗೆ ಕೇಂದ್ರದ ಸಿಜಿಎಸ್‌ಟಿ ₹3,600, ರಾಜ್ಯದ ಎಸ್‌ಜಿಎಸ್‌ಟಿ ₹3,600 ಎಂದು ಎರಡು ಪಾಲು. ಕೆಲವರಿಗೆ ಅಂತರರಾಜ್ಯ ಮಾರಾಟದ ತೆರಿಗೆಯಾದ ಐಜಿಎಸ್‌ಟಿ ₹7,200 ಎಂದು ಒಂದೇ ಸಾಲು. ಯಾವುದು ಯಾರಿಗೆ ಎಂದು ತೀರ್ಮಾನಿಸುವುದು 'ಪೂರೈಕೆಯ ಸ್ಥಳ'. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ Place of Supply ಎಂದು ಕಾಣಿಸುವುದು ಇದೇ.

ಐಜಿಎಸ್‌ಟಿ ಕಾಯ್ದೆಯ 7 ಮತ್ತು 8ನೇ ಸೆಕ್ಷನ್‌ಗಳ ಲೆಕ್ಕ ಸರಳ. ಮಾರುವವರು ಇರುವ ರಾಜ್ಯ ಮತ್ತು ಪೂರೈಕೆಯ ಸ್ಥಳವಾದ ರಾಜ್ಯ ಎರಡೂ ಒಂದೇ ಆದರೆ ಎರಡು ಪಾಲು, ಬೇರೆ ಬೇರೆಯಾದರೆ ಐಜಿಎಸ್‌ಟಿ. ಕೊಳ್ಳುವವರ ಊರು ಯಾವುದು ಎಂಬ ಮಾತೇ ಇಲ್ಲಿಲ್ಲ ಎಂಬುದನ್ನು ಗಮನಿಸಿ. ಗಡಿಯ ಅಂಗಡಿಗಳಲ್ಲಿ ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಪಾರ್ಟಿಯ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ, 32 ಇದ್ದರೆ ಕೇರಳ, 29 ಇದ್ದರೆ ಕರ್ನಾಟಕ ಎಂದು ಬಿಲ್ ಹೊಡೆದುಬಿಡುತ್ತಾರೆ. ಹತ್ತರಲ್ಲಿ ಎಂಟು ಬಿಲ್ಲಿಗೆ ಅದು ಸರಿಹೋಗಬಹುದು. ಉಳಿದವು ವರ್ಷದ ಕೊನೆಗೆ ಆಡಿಟರ ಮೇಜಿನ ಮೇಲೆ ಬಂದು ಕೂರುತ್ತವೆ.

ಸರಕಿನ ಮಟ್ಟಿಗೆ ನಿಯಮವಿರುವುದು 10ನೇ ಸೆಕ್ಷನ್ನಿನಲ್ಲಿ. ಅದರ ಮೊದಲ ಮಾತು: ಸರಕು ಸಾಗುವುದಿದ್ದರೆ, ಕೊಳ್ಳುವವರಿಗೆ ತಲುಪಿಸಲೆಂದು ಹೊರಟ ಆ ಸಾಗಾಟ ಎಲ್ಲಿ ಮುಗಿಯುತ್ತದೋ ಅದೇ ಪೂರೈಕೆಯ ಸ್ಥಳ. ಸಾಗಿಸುವವರು ಮಾರುವವರೇ ಆಗಬೇಕೆಂದಿಲ್ಲ, ಕೊಳ್ಳುವವರೋ ಮೂರನೆಯವರೋ ಸಾಗಿಸಿದರೂ ನಡೆಯುತ್ತದೆ ಎಂದು ಅಲ್ಲೇ ಹೇಳಿದೆ. ದೇರಳಕಟ್ಟೆಯ ನೋಂದಾಯಿತ ವ್ಯಾಪಾರಿ ತನ್ನದೇ ಪಿಕಪ್ ತಂದು ಉಪ್ಪಳದಿಂದ ಪಂಪ್ ಒಯ್ದು ತನ್ನ ಅಂಗಡಿಗೆ ಇಳಿಸಿದರೆ ಸಾಗಾಟ ಮುಗಿಯುವುದು ಕರ್ನಾಟಕದಲ್ಲಿ. ಬಿಲ್ಲಿಗೆ ಐಜಿಎಸ್‌ಟಿ. 'ಮಾಲು ಕೊಟ್ಟದ್ದು ನನ್ನ ಕೌಂಟರಿನಲ್ಲಿ, ಆದ್ದರಿಂದ ಕೇರಳದ್ದೇ ತೆರಿಗೆ' ಎಂದು ವಾದಿಸುವವರಿದ್ದಾರೆ. ನೋಂದಾಯಿತ ಪಾರ್ಟಿಯ ವಿಷಯದಲ್ಲಿ ಆ ವಾದವನ್ನು ನೆಚ್ಚಿಕೊಳ್ಳದಿರುವುದೇ ಕ್ಷೇಮ. ಬಿಲ್ಲಿನಲ್ಲಿ ದೇರಳಕಟ್ಟೆಯ ವಿಳಾಸ, ಇ-ವೇ ಬಿಲ್ ಮಾಡಿದ್ದರೆ ಅದರಲ್ಲೂ ಅದೇ ವಿಳಾಸ, ತೆರಿಗೆ ಮಾತ್ರ ಕೇರಳದ್ದು ಎಂದಾದರೆ ಕಾಗದಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ನೋಂದಣಿ ಇಲ್ಲದ ಗಿರಾಕಿಯ ಕಥೆ ಬೇರೆ. ವಿಟ್ಲದ ಕೃಷಿಕರೊಬ್ಬರು ತೋಟಕ್ಕೆಂದು ಅದೇ ಪಂಪನ್ನು ಕೌಂಟರಿನಲ್ಲಿ ಕೊಂಡು ಜೀಪಿನಲ್ಲಿ ಹಾಕಿಕೊಂಡು ಹೋಗುತ್ತಾರೆ. ಅದು ಎಲ್ಲಿಗೆ ಹೋಯಿತು ಎಂದು ಅಂಗಡಿಯವರು ಬೆನ್ನಟ್ಟಿ ನೋಡಲಾಗುವುದಿಲ್ಲವಲ್ಲ. ಹಾಗಾಗಿ 2023ರ ಅಕ್ಟೋಬರ್ 1ರಿಂದ 10ನೇ ಸೆಕ್ಷನ್ನಿಗೆ (ಸಿಎ) ಎಂಬ ಹೊಸ ಖಂಡ ಸೇರಿತು. ನೋಂದಣಿ ಇಲ್ಲದವರಿಗೆ ಮಾರಿದಾಗ ಬಿಲ್ಲಿನಲ್ಲಿ ಬರೆದ ಅವರ ವಿಳಾಸ ಯಾವ ರಾಜ್ಯದ್ದೋ ಅದೇ ಪೂರೈಕೆಯ ಸ್ಥಳ. ವಿಳಾಸ ಬರೆಯದಿದ್ದರೆ ಮಾರುವವರ ಸ್ಥಳವೇ ಪೂರೈಕೆಯ ಸ್ಥಳ. ಪೂರ್ತಿ ವಿಳಾಸವೂ ಬೇಡ, ರಾಜ್ಯದ ಹೆಸರು ಬರೆದರೆ ವಿಳಾಸ ಬರೆದಂತೆಯೇ.

ಹೀಗಾಗಿ ಬಿಲ್ಲಿನಲ್ಲಿ 'ನಗದು ಮಾರಾಟ' ಎಂದಷ್ಟೇ ಬರೆದಿದ್ದರೆ ₹3,600 ಮತ್ತು ₹3,600. ಅದೇ ಕೃಷಿಕರು ವಾರಂಟಿಗೆಂದು 'ನನ್ನ ಹೆಸರು, ಊರು ಹಾಕಿ' ಎಂದು ಕೇಳಿ, ನೀವು 'ವಿಟ್ಲ, ಕರ್ನಾಟಕ' ಎಂದು ಸೇರಿಸಿದಿರೋ, ತೆರಿಗೆಯ ಸಾಲು ಐಜಿಎಸ್‌ಟಿ ₹7,200 ಆಗಬೇಕು. ವಿಳಾಸ ಹಾಕುವುದು ಬಿಡುವುದು ಪೂರ್ತಿ ನಮ್ಮ ಇಷ್ಟವೂ ಅಲ್ಲ. ತೆರಿಗೆ ಸೇರುವ ಮುಂಚಿನ ಬೆಲೆ ₹50,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೋಂದಣಿ ಇಲ್ಲದ ಗಿರಾಕಿಯ ಹೆಸರು, ವಿಳಾಸ, ಮಾಲು ತಲುಪಬೇಕಾದ ವಿಳಾಸ, ರಾಜ್ಯದ ಹೆಸರು ಮತ್ತು ಕೋಡ್ ಬಿಲ್ಲಿನಲ್ಲಿ ಇರಲೇಬೇಕು. ಒಂದು ಪಂಪಿಗೆ ಈ ಕಡ್ಡಾಯ ಇಲ್ಲ. ಎರಡು ಪಂಪ್ ಒಂದೇ ಬಿಲ್ಲಿನಲ್ಲಿ ಹೋದರೆ ₹80,000 ಆಯಿತು, ಇದೆ. ಬಿಲ್ಲಿನ ವಿಳಾಸ ಒಂದು, ಮಾಲು ತಲುಪಿಸುವ ವಿಳಾಸ ಇನ್ನೊಂದು ಎಂದಾದರೆ ತಲುಪಿಸುವ ವಿಳಾಸವನ್ನೇ ಹಿಡಿಯಬೇಕೆಂದು 2024ರ ಜೂನ್‌ನ ಸುತ್ತೋಲೆ ಸ್ಪಷ್ಟಪಡಿಸಿದೆ. ಆನ್‌ಲೈನ್ ಮಾರಾಟಕ್ಕೆ ಇದು ಮುಖ್ಯ.

ಈ ಖಂಡದಿಂದ ಹೆಚ್ಚು ಎಚ್ಚರ ವಹಿಸಬೇಕಾದವರು ಕಾಂಪೊಸಿಶನ್‌ನಲ್ಲಿ, ಅಂದರೆ ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಯೋಜನೆಯಲ್ಲಿ, ಇರುವ ಸಣ್ಣ ಅಂಗಡಿಯವರು. ಅವರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ವಹಿವಾಟು ಮಿತಿಯೊಳಗಿದೆ ಎಂದು ನೋಂದಣಿಯನ್ನೇ ಮಾಡಿಸದವರಿಗೂ ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರುವಾಗ ಆ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ತಲಪಾಡಿ ಗಡಿಗೆ ಹತ್ತಿರದ ಅಂಗಡಿಯವರು 'ಗಿರಾಕಿ ನಾಲ್ಕು ಮೈಲು ಆಚೆಯವರು ಅಷ್ಟೇ' ಎಂದರೆ ಕಾಯ್ದೆ ಮೈಲು ನೋಡುವುದಿಲ್ಲ.

ಇನ್ನು ನಿಜಕ್ಕೂ ತಲೆ ತಿನ್ನುವ ಪ್ರಕರಣ. ಮಂಗಳೂರಿನ ನೋಂದಾಯಿತ ವ್ಯಾಪಾರಿ ಉಪ್ಪಳದ ಅಂಗಡಿಗೆ ಫೋನ್ ಮಾಡಿ, 'ಪಂಪನ್ನು ಕುಂಬಳೆಯ ನಮ್ಮ ಗಿರಾಕಿಗೆ ನೇರವಾಗಿ ಕಳಿಸಿ, ಬಿಲ್ ನನ್ನ ಹೆಸರಿಗೆ ಮಾಡಿ' ಎನ್ನುತ್ತಾರೆ. ಪಂಪ್ ಉಪ್ಪಳದಿಂದ ಕುಂಬಳೆಗೆ ಹೋಗುತ್ತದೆ, ಕೇರಳದ ಗಡಿ ದಾಟುವುದೇ ಇಲ್ಲ. ಆದರೂ ಉಪ್ಪಳದವರ ಬಿಲ್ಲಿಗೆ ಐಜಿಎಸ್‌ಟಿ. ಒಬ್ಬರ ಸೂಚನೆಯ ಮೇರೆಗೆ ಇನ್ನೊಬ್ಬರಿಗೆ ಮಾಲು ತಲುಪಿಸಿದರೆ, ಸೂಚನೆ ಕೊಟ್ಟವರೇ ಮಾಲು ಪಡೆದರೆಂದು ಭಾವಿಸಿ ಅವರ ಮುಖ್ಯ ವ್ಯವಹಾರ ಸ್ಥಳವನ್ನು ಪೂರೈಕೆಯ ಸ್ಥಳ ಎಂದು ಹಿಡಿಯಬೇಕೆಂದು 10ನೇ ಸೆಕ್ಷನ್ನಿನ (ಬಿ) ಖಂಡ ಹೇಳುತ್ತದೆ. ಸೂಚನೆ ಕೊಟ್ಟವರು ಮಂಗಳೂರಿನವರು, ಆದ್ದರಿಂದ ಕರ್ನಾಟಕ.

ಇಲ್ಲಿ ಬಿಲ್ ಎರಡು. ಉಪ್ಪಳದವರು ಮಂಗಳೂರಿನವರಿಗೆ ₹40,000ಕ್ಕೆ ಐಜಿಎಸ್‌ಟಿ ₹7,200 ಹಾಕುತ್ತಾರೆ. ಮಂಗಳೂರಿನವರು ಕುಂಬಳೆಯ ಗಿರಾಕಿಗೆ, ₹46,000ಕ್ಕೆ ಎನ್ನೋಣ, ತಮ್ಮ ಬಿಲ್ ಮಾಡುತ್ತಾರೆ. ಆ ಬಿಲ್ಲಿಗೆ ಸಾಗಾಟ ಮುಗಿದ ಕುಂಬಳೆಯೇ ಪೂರೈಕೆಯ ಸ್ಥಳ. ಮಾರುವವರು ಕರ್ನಾಟಕ, ಸ್ಥಳ ಕೇರಳ, ಅದಕ್ಕೂ ಐಜಿಎಸ್‌ಟಿ, ₹8,280. ಉಪ್ಪಳದ ಬಿಲ್ಲಿನ ₹7,200 ಕ್ರೆಡಿಟ್ ತೆಗೆದುಕೊಂಡು, ಅಂದರೆ ಖರೀದಿಯಲ್ಲಿ ಕೊಟ್ಟ ಆ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದು, ಅವರು ಉಳಿದ ₹1,080 ಕಟ್ಟಿದರೆ ಮುಗಿಯಿತು.

ಉಪ್ಪಳದವರು 'ಮಾಲು ಕೇರಳದೊಳಗೇ ಹೋಯಿತಲ್ಲ' ಎಂದು ಎರಡು ಪಾಲು ಹಾಕಿದ್ದರೆ? ಕೇರಳದ ಎಸ್‌ಜಿಎಸ್‌ಟಿ ಕರ್ನಾಟಕದ ನೋಂದಣಿಯಲ್ಲಿ ಕ್ರೆಡಿಟ್ ಆಗುವುದಿಲ್ಲ, ಜತೆಗಿರುವ ಸಿಜಿಎಸ್‌ಟಿಯೂ ಕೈಗೆ ಬರುವುದಿಲ್ಲ. ಮಂಗಳೂರಿನವರಿಗೆ ₹7,200 ಪೂರ್ತಿ ನಷ್ಟ. ಖರೀದಿ ಬಿಲ್ಲುಗಳ ಕ್ರೆಡಿಟ್ ತೋರಿಸುವ ಅವರ ಜಿಎಸ್‌ಟಿಆರ್-2ಬಿಯಲ್ಲಿ ಆ ಬಿಲ್ ಕ್ರೆಡಿಟ್ ಇಲ್ಲದ ಪಟ್ಟಿಗೆ ಬೀಳುತ್ತದೆ. ಪೂರೈಕೆಯ ಸ್ಥಳವೂ ಮಾರುವವರ ರಾಜ್ಯವೂ ಒಂದೇ, ಪಡೆದವರ ರಾಜ್ಯ ಬೇರೆ ಎಂಬ ಕಾರಣವೂ ಪಕ್ಕದಲ್ಲಿ ಇರುತ್ತದೆ. ಹೊರರಾಜ್ಯದ ಪಾರ್ಟಿ 'ನಿಮ್ಮ ಬಿಲ್ಲಿಗೆ ಕ್ರೆಡಿಟ್ ಸಿಗುತ್ತಿಲ್ಲ' ಎಂದು ಫೋನ್ ಮಾಡಿದರೆ ಮೊದಲು ನೋಡಬೇಕಾದ್ದು ಇದನ್ನೇ.

ಆದರೆ ಆ ಸಾಲು ಕಂಡ ಮಾತ್ರಕ್ಕೆ ಬಿಲ್ ತಪ್ಪು ಎಂದೂ ಅಲ್ಲ. ಅದೇ ಮಂಗಳೂರಿನವರಿಗೆ ಕುಂಬಳೆಯಲ್ಲಿ ಸ್ವಂತ ಕಾಮಗಾರಿ ನಡೆಯುತ್ತಿದೆ, ಅಲ್ಲಿ ಮಾಲು ಇಳಿಸಿಕೊಳ್ಳುವವರೂ ಅವರೇ ಎನ್ನಿ. ಮೂರನೆಯವರು ಯಾರೂ ಇಲ್ಲದಿರುವುದರಿಂದ (ಬಿ) ಖಂಡ ಹೊಂದುವುದಿಲ್ಲ. ಸಾಗಾಟ ಕುಂಬಳೆಯಲ್ಲಿ ಮುಗಿಯಿತು, ಆದ್ದರಿಂದ ಎರಡು ಪಾಲೇ ಸರಿ. ನಂಬರ್ 29 ಎಂದು ಐಜಿಎಸ್‌ಟಿ ಹಾಕಲಾಗುವುದಿಲ್ಲ. ಕ್ರೆಡಿಟ್ ಬೇಕಿದ್ದರೆ ಅವರು ಕೇರಳದಲ್ಲಿ ನೋಂದಣಿ ಮಾಡಿಸಿ ಆ ನಂಬರ್ ಕೊಡಬೇಕು. ಆದ್ದರಿಂದ ಇಂಥ ಆರ್ಡರ್ ಬಂದಾಗ ಫೋನಿನಲ್ಲೇ ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿ ಮಾಲು ಇಳಿಸಿಕೊಳ್ಳುವವರು ನೀವೋ, ನಿಮ್ಮ ಗಿರಾಕಿಯೋ? ಉತ್ತರವನ್ನು ಆರ್ಡರಿನ ಮೇಲೆ ಅಥವಾ ವಾಟ್ಸಾಪ್ ಸಂದೇಶವಾಗಿ ಬರಹದಲ್ಲಿ ಪಡೆದಿಟ್ಟುಕೊಳ್ಳಿ.

ಸಾಫ್ಟ್‌ವೇರ್ ಇಲ್ಲಿ ಹೆಚ್ಚು ಸಹಾಯ ಮಾಡುವುದಿಲ್ಲ. ಸಾಮಾನ್ಯವಾಗಿ ಅದು ಪಾರ್ಟಿಯ ಲೆಡ್ಜರಿನಲ್ಲಿರುವ ರಾಜ್ಯವನ್ನೇ ತಂದು Place of Supply ಜಾಗದಲ್ಲಿ ತುಂಬುತ್ತದೆ. ತಲುಪಿಸುವ ವಿಳಾಸ ಬದಲಿಸಿದರೂ ಆ ಜಾಗ ತಾನಾಗಿ ಬದಲಾಗುತ್ತದೆಂದು ನಂಬಬೇಡಿ. ಸ್ವಂತ ಕಾಮಗಾರಿಯ ಬಿಲ್ಲಿನಲ್ಲಿ ಅದನ್ನು ಕೈಯಾರೆ ಕೇರಳ ಎಂದು ಬದಲಿಸಬೇಕು.

ಸೇವೆಗಳಿಗೆ 12ನೇ ಸೆಕ್ಷನ್. ಸಾಮಾನ್ಯ ನಿಯಮ: ಪಡೆಯುವವರು ನೋಂದಾಯಿತರಾದರೆ ಅವರ ಸ್ಥಳ, ಇಲ್ಲದಿದ್ದರೆ ದಾಖಲೆಯಲ್ಲಿರುವ ವಿಳಾಸ, ಅದೂ ಇಲ್ಲದಿದ್ದರೆ ಸೇವೆ ಕೊಡುವವರ ಸ್ಥಳ. ಅಪವಾದಗಳಲ್ಲಿ ಗಡಿಯವರಿಗೆ ಮುಖ್ಯವಾದದ್ದು ಸ್ಥಿರಾಸ್ತಿ. ಮಂಜೇಶ್ವರದ ಆರ್ಕಿಟೆಕ್ಟ್ ಪುತ್ತೂರಿನ ಮನೆಗೆ ನಕ್ಷೆ ಮಾಡಿಕೊಟ್ಟರೆ, ಹಣ ಕೊಡುವ ಮಾಲೀಕರು ಕಾಸರಗೋಡಿನಲ್ಲೇ ಇದ್ದರೂ, ಮನೆ ಇರುವ ಕರ್ನಾಟಕವೇ ಪೂರೈಕೆಯ ಸ್ಥಳ. ಕಾಸರಗೋಡಿನ ವ್ಯಾಪಾರಿ ಮಂಗಳೂರಿನ ಲಾಡ್ಜಿನಲ್ಲಿ ಉಳಿದರೆ ಬಿಲ್ಲಿನಲ್ಲಿ ಕರ್ನಾಟಕದ ಎರಡು ಪಾಲು ಬರುವುದೂ ಇದೇ ನಿಯಮದಿಂದ. ಅದಕ್ಕೆ ಅವರು ಕ್ರೆಡಿಟ್ ಪಡೆಯಲಾರರು, ಲಾಡ್ಜಿನವರೊಂದಿಗೆ ಜಗಳವಾಡಿ ಪ್ರಯೋಜನವಿಲ್ಲ.

ತಪ್ಪಾದ ತೆರಿಗೆ ಕಟ್ಟಿಬಿಟ್ಟಿದ್ದರೆ ದಾರಿ ಇದೆ. ಎರಡು ಪಾಲು ಕಟ್ಟಿದ್ದು ಆಮೇಲೆ ಅಂತರರಾಜ್ಯ ಎಂದು ಗೊತ್ತಾದರೆ ಮೊದಲು ಐಜಿಎಸ್‌ಟಿ ₹7,200 ಕಟ್ಟಬೇಕು, ಆಮೇಲೆ ಹಿಂದೆ ಕಟ್ಟಿದ ₹3,600 ಮತ್ತು ₹3,600ಕ್ಕೆ ರಿಫಂಡ್ ಅರ್ಜಿ ಹಾಕಬೇಕು. ಸಿಜಿಎಸ್‌ಟಿ ಕಾಯ್ದೆಯ 77, ಐಜಿಎಸ್‌ಟಿ ಕಾಯ್ದೆಯ 19ನೇ ಸೆಕ್ಷನ್‌ಗಳ ಪ್ರಕಾರ ಇದಕ್ಕೆ ಬಡ್ಡಿ ಬೀಳುವುದಿಲ್ಲ. ಸರಿಯಾದ ತೆರಿಗೆ ಕಟ್ಟಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬಹುದು. ರಿಫಂಡ್ ಬರುವವರೆಗೆ ಎರಡೂ ಮೊತ್ತ ಕೈಯಿಂದ ಹೋಗಿರುತ್ತದೆ ಎಂಬುದೊಂದೇ ತೊಂದರೆ. ಪಾರ್ಟಿ ನೋಂದಾಯಿತರಾಗಿದ್ದರೆ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಬಿಲ್ಲನ್ನೂ ತಿದ್ದಬೇಕು, ಇಲ್ಲದಿದ್ದರೆ ಅವರಿಗೆ ಕ್ರೆಡಿಟ್ ಕಾಣಿಸದು. ಆ ತಿದ್ದುಪಡಿಗೆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರವರೆಗೆ ಅವಕಾಶ, ಅದಕ್ಕೂ ಮೊದಲೇ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ್ದರೆ ಸಲ್ಲಿಸಿದ ದಿನಕ್ಕೇ ಬಾಗಿಲು ಮುಚ್ಚುತ್ತದೆ.