ಮಲ ಬಿಳಿಚಿಕೊಂಡು ತೇಲುತ್ತಿದೆ, ತೊಂದರೆ ಪಿತ್ತದ್ದೋ ಮೇದೋಜೀರಕದ್ದೋ?

ಪ್ರಶ್ನೆ: ನನಗೆ 36 ವರ್ಷ. ನಾಲ್ಕು ತಿಂಗಳಿಂದ ಮಲ ತಿಳಿ ಹಳದಿ, ಜಿಡ್ಡು ಜಿಡ್ಡು, ಕೆಟ್ಟ ವಾಸನೆ. ನೀರಿನ ಮೇಲೆ ತೇಲುತ್ತದೆ, ಎರಡು ಸಲ ಫ್ಲಶ್ ಮಾಡಿದರೂ ಹೋಗಲ್ಲ. ಚೆನ್ನಾಗಿ ತಿಂದರೂ 7 ಕೆಜಿ ಇಳಿದಿದ್ದೇನೆ. ಮೂತ್ರದ ಬಣ್ಣ ಎಂದಿನಂತೆಯೇ ಇದೆ. ಕಳೆದ ವರ್ಷ ಶುಗರ್ ಬಂತು. ಕಾಲೇಜಿನಲ್ಲಿದ್ದಾಗಿನಿಂದ ಆಗಾಗ ಮೇಲ್ಹೊಟ್ಟೆ ನೋವು ಬಂದು ಬೆನ್ನಿಗೆ ಹೊಡೆಯುತ್ತದೆ. ಕುಡಿಯುವ ಅಭ್ಯಾಸವಿಲ್ಲ. ಇದು ಪಿತ್ತದ ತೊಂದರೆಯೇ?

ಉತ್ತರ: ಮೊದಲು ತೇಲುವ ವಿಷಯ. ಮಲ ತೇಲುವುದಕ್ಕೆ ಹೆಚ್ಚಾಗಿ ಕಾರಣ ಅದರೊಳಗೆ ಸೇರಿಕೊಂಡ ಗ್ಯಾಸು, ಕೊಬ್ಬಲ್ಲ. ಹುರುಳಿ, ಅವರೆಕಾಳು ತಿಂದ ಮಾರನೆಯ ದಿನ ಆರೋಗ್ಯವಂತರದೂ ತೇಲಬಹುದು. ಹಾಗಾಗಿ ತೇಲುತ್ತದೆ ಎಂಬುದೊಂದನ್ನೇ ಹಿಡಿದು ಹೆದರಬೇಕಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಗಮನ ಹೋಗಿದ್ದು ಜಿಡ್ಡು ಮತ್ತು ಇಳಿದ ತೂಕದ ಕಡೆಗೆ.

ಕೊಬ್ಬು ಜೀರ್ಣವಾಗಲು ಎರಡು ಕೆಲಸ ನಡೆಯಬೇಕು. ತುಪ್ಪ ಮೆತ್ತಿದ ಪಾತ್ರೆಗೆ ಬರೀ ನೀರು ಹಾಕಿದರೆ ಜಿಡ್ಡು ಬಿಡುವುದಿಲ್ಲ, ಸೋಪು ಬೇಕು. ಕರುಳಿನಲ್ಲಿ ಆ ಸೋಪಿನ ಕೆಲಸ ಪಿತ್ತರಸದ್ದು. ಅದು ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಆ ಹನಿಗಳನ್ನು ಕತ್ತರಿಸಿ ಕರುಳು ಹೀರಿಕೊಳ್ಳುವಂತೆ ಮಾಡುವುದು ಲೈಪೇಸ್ ಎಂಬ ಕಿಣ್ವ. ಅದು ಮುಖ್ಯವಾಗಿ ಬರುವುದು ಮೇದೋಜೀರಕ ಗ್ರಂಥಿಯಿಂದ, ಅಂದರೆ ಪ್ಯಾಂಕ್ರಿಯಾಸ್‌ನಿಂದ. ಇವೆರಡರಲ್ಲಿ ಯಾವುದು ಕೈಕೊಟ್ಟರೂ ತಿಂದ ಎಣ್ಣೆ ಹಾಗೇ ಹೊರಗೆ ಬರುತ್ತದೆ.

ಕೈಕೊಟ್ಟಿದ್ದು ಯಾವುದು ಎಂದು ತಿಳಿಯಲು ಮೂತ್ರ ನೋಡಿ. ಮಲಕ್ಕೆ ಕಂದು ಬಣ್ಣ ಕೊಡುವುದು ಪಿತ್ತದ ಬಣ್ಣವೇ. ಪಿತ್ತನಾಳ ಕಟ್ಟಿಕೊಂಡರೆ ಅದು ಕರುಳಿಗೆ ಇಳಿಯದೆ ರಕ್ತಕ್ಕೆ ಸೇರುತ್ತದೆ. ಆಗ ಮಲ ಸೀಮೆಸುಣ್ಣದ ಹಾಗೆ ಬೆಳ್ಳಗಾಗುತ್ತದೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಮೈ ತುರಿಸುತ್ತದೆ. ನಿಮಗೆ ಇದಾವುದೂ ಇಲ್ಲ. ನಿಮ್ಮ ಮಲ ಬಿಳಿಚಿರುವುದು ಅದರಲ್ಲಿ ಕೊಬ್ಬು ಬೆರೆತಿರುವುದಕ್ಕೆ. ಹಾಗಾಗಿ ನನ್ನ ಅನುಮಾನ ಮೇದೋಜೀರಕದ ಮೇಲೆ. (ಪಿತ್ತಕೋಶ ತೆಗೆಸಿಕೊಂಡವರೂ ಇದೇ ಭಯದಲ್ಲಿ ಕೇಳುತ್ತಿರುತ್ತಾರೆ. ಪಿತ್ತ ತಯಾರಾಗುವುದು ಲಿವರ್‌ನಲ್ಲಿ. ಚೀಲ ಹೋದರೂ ಅದು ಕರುಳಿಗೆ ಇಳಿಯುತ್ತಲೇ ಇರುತ್ತದೆ.)

ಹಳೆಯ ನೋವು, ಆಮೇಲೆ ಶುಗರ್, ಈಗ ಜಿಡ್ಡು ಮಲ. ಮೇದೋಜೀರಕ ವರ್ಷಗಟ್ಟಲೆ ಊದಿ, ಗಟ್ಟಿಯಾಗಿ, ನಾಳದಲ್ಲಿ ಕಲ್ಲು ಕಟ್ಟಿದಾಗ ಇವು ಮೂರೂ ಒಂದರ ಹಿಂದೆ ಒಂದು ಬರಬಹುದು. ಕುಡಿಯದ ಚಿಕ್ಕ ವಯಸ್ಸಿನವರಲ್ಲೂ ಇದು ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಬಹಳ ಹಿಂದಿನಿಂದ ಕಂಡಿರುವ ಕಾಯಿಲೆ. ಇಷ್ಟು ತಡವಾಗಿ ಗೊತ್ತಾಗುವುದೇಕೆ ಅಂದರೆ, ಈ ಗ್ರಂಥಿ ಬೇಕಾದ್ದಕ್ಕಿಂತ ಬಹಳ ಜಾಸ್ತಿ ಲೈಪೇಸ್ ತಯಾರಿಸುತ್ತದೆ. ಸುಮಾರು 90 ಭಾಗ ಹಾಳಾದ ಮೇಲಷ್ಟೇ ಮಲದಲ್ಲಿ ಜಿಡ್ಡು ಕಾಣುತ್ತದೆ.

ಮಲದ ಎಲಾಸ್ಟೇಸ್ ಪರೀಕ್ಷೆ ಮಾಡಿಸಿ. ಎಲಾಸ್ಟೇಸ್ ಮೇದೋಜೀರಕದಿಂದ ಬರುವ ಇನ್ನೊಂದು ಕಿಣ್ವ. ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಕಿಣ್ವ ಸಾಲುತ್ತಿಲ್ಲ ಎಂಬ ಅನುಮಾನ, 100ಕ್ಕಿಂತ ಕೆಳಗಿದ್ದರೆ ಅದು ಬಲವಾಗುತ್ತದೆ. ಭೇದಿಯಾಗುತ್ತಿರುವಾಗ ಮಾತ್ರ ಸ್ಯಾಂಪಲ್ ಕೊಡಬೇಡಿ. ನೀರು ಬೆರೆತು ಸುಮ್ನೆ ಕಡಿಮೆ ತೋರಿಸುತ್ತದೆ. ಕಲ್ಲು ಇದೆಯೇ, ಗಡ್ಡೆ ಇದೆಯೇ ಎಂದು ನೋಡಲು ಸಿಟಿ ಸ್ಕ್ಯಾನ್ ಬೇಕು. ಎರಡೂ ಸರಿ ಇದ್ದರೆ ಕರುಳಿನ ಕಾಯಿಲೆಗಳ ಕಡೆ ಹುಡುಕಬೇಕಾಗುತ್ತದೆ.

ಕಿಣ್ವದ ಕೊರತೆ ಎಂದು ಖಚಿತವಾದರೆ ಕ್ಯಾಪ್ಸೂಲ್ ಬರೆದುಕೊಡುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್, ತಿಂಡಿತಿನಿಸಿಗೆ ಅದರ ಅರ್ಧ. ಇಲ್ಲಿ ಜಾಸ್ತಿ ಜನ ಎಡವುವುದು ಸಮಯದಲ್ಲಿ. ಬೇರೆ ಮಾತ್ರೆಗಳ ಹಾಗೆ ಊಟ ಮುಗಿಸಿ ನುಂಗುತ್ತಾರೆ. ಆಗ ಅನ್ನ ಮುಂದೆ ಹೋಗಿರುತ್ತದೆ, ಕಿಣ್ವ ಹಿಂದೆ ಉಳಿಯುತ್ತದೆ. ಮೊದಲ ತುತ್ತಿನ ಜೊತೆ ಒಂದು, ಊಟದ ನಡುವೆ ಇನ್ನೊಂದು, ಹೀಗೆ ತೆಗೆದುಕೊಳ್ಳಬೇಕು. ಒಳಗಿನ ಕಾಳುಗಳನ್ನು ಅಗಿಯಬಾರದು. ಮೇಲಿನ ಲೇಪ ಒಡೆದರೆ ಹೊಟ್ಟೆಯ ಆಮ್ಲಕ್ಕೇ ಲೈಪೇಸ್ ಹಾಳಾಗುತ್ತದೆ. ಎಣ್ಣೆ, ತುಪ್ಪ ಪೂರ್ತಿ ಬಿಡಬೇಡಿ, ತೂಕ ಇನ್ನೂ ಇಳಿಯುತ್ತದೆ. ಕೊಬ್ಬಿನ ಜೊತೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೊರಗೆ ಹೋಗಿರುತ್ತವೆ, ಅವನ್ನೂ ಪರೀಕ್ಷಿಸಿ ತುಂಬಿಸಬೇಕು. ಊಟ ಹೀಗೆ ಮೈಗೆ ಹತ್ತತೊಡಗಿದಾಗ ಶುಗರ್ ಏರಬಹುದು. ಅದರ ಔಷಧಿ ಆಗ ಬದಲಾಗಬೇಕಾಗಬಹುದು.

ಈ ನಡುವೆ ಕಣ್ಣು ಹಳದಿಯಾಗಿ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಪಿತ್ತನಾಳ ಹಾದುಹೋಗುವುದು ಮೇದೋಜೀರಕದ ತಲೆಭಾಗದ ಮೂಲಕವೇ. ಅಲ್ಲಿ ಊತವೋ ಗಡ್ಡೆಯೋ ಬೆಳೆದರೆ ಪಿತ್ತದ್ದು, ಮೇದೋಜೀರಕದ್ದು, ಎರಡು ದಾರಿಯೂ ಒಟ್ಟಿಗೇ ಮುಚ್ಚಿಕೊಳ್ಳಬಹುದು.