ಓಪನರ್‌ಗೆ 140, ಕೀಪರ್‌ಗೆ 260: ಹರಾಜಿನ ಲೆಕ್ಕ

ದಾವಣಗೆರೆಯಲ್ಲಿ ಒಂದು ಟೆನಿಸ್ ಬಾಲ್ ಲೀಗ್ ನಡೆಯುತ್ತಿದೆ ಅಂದುಕೊಳ್ಳಿ. ಆರು ಫ್ರಾಂಚೈಸಿಗಳು. ಪ್ರತಿ ತಂಡದ ಪರ್ಸ್‌ನಲ್ಲಿ 1,000 ಪಾಯಿಂಟ್, ತಂಡಕ್ಕೆ 12 ಆಟಗಾರರು, ಬೇಸ್ ಪ್ರೈಸ್ 20. ಟೂರ್ನಿಯಲ್ಲಿ 150 ರನ್ ಹೊಡೆಯಬಲ್ಲ ಓಪನರ್ ಹೆಸರು ಬಂದ ತಕ್ಷಣ ಮಾಲೀಕರು ಪೈಪೋಟಿಗೆ ಬೀಳುತ್ತಾರೆ. ಆಮೇಲೆ ಬರುವ 110 ರನ್ ಬೆಲೆಯ ಕೀಪರ್‌ಗೆ ಯಾರೂ ಅಷ್ಟಾಗಿ ಕೈ ಎತ್ತುವುದಿಲ್ಲ. ನನ್ನ ಪ್ರಕಾರ ಇದು ತಲೆಕೆಳಗಾದ ಲೆಕ್ಕ.

ಕೇಳಬೇಕಾದ ಪ್ರಶ್ನೆ ಒಂದೇ: ಇವನು ಸಿಗದಿದ್ದರೆ ಬೇಸ್ ಪ್ರೈಸ್‌ಗೆ ಯಾರು ಸಿಗುತ್ತಾರೆ? ಆರು ತಂಡಗಳಿಗೆ ಒಟ್ಟು 12 ಓಪನರ್ ಬೇಕು. ಹಾಗಾಗಿ ಪಟ್ಟಿಯ 13ನೆಯವನೇ ಬದಲಿ ಆಟಗಾರ. ನಮ್ಮೂರಲ್ಲಿ ಹೊಡೆಯುವವರಿಗೆ ಬರ ಇಲ್ಲ, ಅವನೂ 120 ರನ್ ಕೊಡುತ್ತಾನೆ. ಕೀಪರ್ ಆರು ಜನ ಸಾಕು. ಆದರೆ 7ನೇ ಕೀಪರ್ ಬ್ಯಾಟಿಂಗೂ ಕ್ಯಾಚೂ ಸೇರಿ 50 ರನ್‌ಗಷ್ಟೇ ಸಮ. ಅಂದರೆ ಓಪನರ್ ತರುವ ಹೆಚ್ಚುವರಿ ಬರೀ 30 ರನ್, ಕೀಪರ್‌ದು 60.

ಬೇಸ್‌ಬಾಲ್‌ನಲ್ಲಿ ಈ ಲೆಕ್ಕವನ್ನು ಬೆಳೆಸಿದವರು ಅಮೆರಿಕದ ಅಂಕಿಅಂಶ ವಿಶ್ಲೇಷಕ ಕೀತ್ ವೂಲ್ನರ್. ಸರಾಸರಿ ಆಟಗಾರನನ್ನೇ ಅಳತೆಗೋಲು ಮಾಡಬಹುದಲ್ವಾ ಎಂದು ಹಲವರು ಕೇಳುತ್ತಾರೆ. ಆಗದು. ಸರಾಸರಿ ಆಟಗಾರನಿಗೂ ಹರಾಜಿನಲ್ಲಿ ದುಡ್ಡು ಕೊಡಲೇಬೇಕು. ಕನಿಷ್ಠ ಬೆಲೆಗೆ ಸುಮ್ನೆ ಸಿಗುವವನು ಬದಲಿ ಆಟಗಾರ ಮಾತ್ರ. ಆದ್ದರಿಂದ ಸೊನ್ನೆ ಅವನಿಂದಲೇ ಶುರುವಾಗಬೇಕು.

ಈಗ ಬೆಲೆಗೆ ಬರೋಣ. 12 ಜನರ ಬೇಸ್ ಪ್ರೈಸ್ 240 ತೆಗೆದರೆ ಪ್ರತಿ ತಂಡಕ್ಕೆ ಉಳಿಯುವುದು 760. ಆರು ತಂಡಕ್ಕೆ 4,560. ಕೊಳ್ಳಬಹುದಾದ 72 ಆಟಗಾರರ ಹೆಚ್ಚುವರಿ ರನ್‌ಗಳನ್ನೆಲ್ಲ ಕೂಡಿದರೆ 1,140 ಬಂತು ಅನ್ನೋಣ. ಒಂದು ಹೆಚ್ಚುವರಿ ರನ್‌ಗೆ 4 ಪಾಯಿಂಟ್ ಬಿತ್ತು. ಓಪನರ್‌ಗೆ 20 ಜೊತೆಗೆ 120, ಅಂದರೆ 140. ಕೀಪರ್‌ಗೆ 20 ಜೊತೆಗೆ 240, ಅಂದರೆ 260. ಇದಕ್ಕಿಂತ ಮೇಲೆ ಹೋದರೆ ಕೈ ಇಳಿಸಿಬಿಡಿ.

ಈ ದರ ಕೊನೆತನಕ ನಿಲ್ಲುವುದಿಲ್ಲ. ಹಾಗಾಗಿ ಒಬ್ಬರು ಪಕ್ಕದಲ್ಲಿ ಪೆನ್ನು ಹಿಡಿದು ಕೂರಲೇಬೇಕು. ಮೊದಲ ಸುತ್ತಿನಲ್ಲೇ ಎಲ್ಲರೂ ಜಾಸ್ತಿ ಸುರಿದರು, ಬೇಸ್ ಪ್ರೈಸ್ ಮೇಲಿನ ದುಡ್ಡಿನಲ್ಲಿ 2,280 ಖರ್ಚಾಗಿ ಹೋಯಿತು, ಆದರೆ 380 ಹೆಚ್ಚುವರಿ ರನ್ ಮಾತ್ರ ಮಾರಾಟವಾಯಿತು ಅಂದುಕೊಳ್ಳಿ. ಉಳಿದ 2,280 ಪಾಯಿಂಟ್ ಉಳಿದ 760 ರನ್‌ಗಳನ್ನು ಅಟ್ಟಿಸಿಕೊಂಡು ಹೋಗುತ್ತಿದೆ. ದರ 3ಕ್ಕೆ ಇಳಿಯಿತು. ಕೀಪರ್ ಇನ್ನೂ ಬಂದಿಲ್ಲವಾದರೆ ಈಗ ಅವನು 200ರ ಆಟಗಾರ. ಎಲ್ಲರೂ ದುಡ್ಡು ಬಿಗಿಹಿಡಿದರೆ ದರ ಏರುತ್ತದೆ. ಆಗ ಆರಂಭದಲ್ಲಿ ಬರೆದಿಟ್ಟ ಬೆಲೆಗೇ ಅಂಟಿಕೊಂಡವರ ಪರ್ಸ್‌ನಲ್ಲಿ ಕೊನೆಗೆ ದುಡ್ಡು ಉಳಿಯುತ್ತದೆ, ಕೊಳ್ಳಲು ಒಳ್ಳೆಯ ಆಟಗಾರರೇ ಇರುವುದಿಲ್ಲ.

ಒಬ್ಬ ಒಳ್ಳೆಯ ಕೀಪರ್ ಸಿಕ್ಕ ಮೇಲೆ ಎರಡನೆಯವನ ಲೆಕ್ಕವೂ ಬದಲಾಗುತ್ತದೆ. ಗ್ಲೌಸ್ ಹಾಕುವುದು ಒಬ್ಬನೇ. ಎರಡನೆಯವನನ್ನು ಬರೀ ಬ್ಯಾಟ್ಸ್‌ಮನ್ ಎಂದು ಮತ್ತೆ ಅಳೆಯಿರಿ. ಇಷ್ಟೆಲ್ಲ ನಿಂತಿರುವುದು ರನ್ ಅಂದಾಜಿನ ಮೇಲೆ. ಎರಡು ಪಂದ್ಯ ಅಬ್ಬರಿಸಿದವನಿಗೆ 150 ಅಂತ ಬರೆದುಕೊಂಡರೆ ಮುಂದಿನ ಗುಣಾಕಾರವೆಲ್ಲ ಹಾಳು. ಅಂಥವರ ಅಂದಾಜನ್ನು ಅವರ ಜಾಗದ ಉಳಿದ ಆಟಗಾರರ ಮಟ್ಟದ ಕಡೆಗೆ ಇಳಿಸಿಕೊಂಡೇ ಹರಾಜಿಗೆ ಕೂರಬೇಕು.