ಪಿ ವ್ಯಾಲ್ಯೂ ಬಂತು ಸರಿ, ಫರಕ್ ಎಷ್ಟದ?

ಕಲಬುರಗಿಯಾಗ ಥೀಸಿಸ್ ಕೊಡೋ ದಿನ ಹತ್ರ ಬಂತಂದ್ರ ನನ್ನ ಹತ್ರ ಬರೋ ಪಿಜಿ ಹುಡುಗ್ರು ಮೊದ್ಲು ತೋರಿಸೋದು ಪಿ ವ್ಯಾಲ್ಯೂ, ಅಂದ್ರ ಖರೇ ಫರಕ್ ಇಲ್ಲದಿದ್ರೂ ಇಷ್ಟು ಇಲ್ಲಾ ಇದಕ್ಕೂ ದೊಡ್ಡ ಫರಕ್ ಕಾಣೋ ಸಾಧ್ಯತೆ. "ಸರ್, 0.03 ಬಂದದ, ಔಷಧ ಭಾಳ ಕೆಲಸ ಮಾಡ್ಯಾದ." ಫರಕ್ ಎಷ್ಟದ ಅಂತ ಕೇಳಿದ್ರ ಮತ್ತ ಅದೇ 0.03 ತೋರಿಸ್ತಾರ. ಡ್ಯೂಟಿ ಮುಗಿಸಿ ನಿದ್ದಿಗೆಟ್ಟು ಡೇಟಾ ಕೂಡಿಸಿರ್ತಾರ, ಅದಕ್ಕ ಹೊಟ್ಟಿ ಉರಿತದ.

ನೋಡ್ರಿ, ಲೆಕ್ಕಕ್ಕಂತ ಒಂದು ಉದಾಹರಣೆ ಹಿಡಿಯೋಣ. ರಕ್ತ ಕಡಿಮಿ ಇರೋ ಹೆಣ್ಮಕ್ಕಳು, ಎರಡು ಗುಂಪು, ಒಂದೊಂದ್ರಾಗ 2000 ಮಂದಿ. ಹೊಸ ಗುಳಿಗಿ ತಗೊಂಡವರ ಸರಾಸರಿ ಹಿಮೋಗ್ಲೋಬಿನ್ ಬರೇ 0.1 ಗ್ರಾಂ ಹೆಚ್ಚು, ಎಸ್‌ಡಿ, ಅಂದ್ರ ಸರಾಸರಿ ಸುತ್ತ ಇರೋ ಏರುಪೇರು, ಎರಡೂ ಕಡೆ 1.5. ಟಿ ಟೆಸ್ಟ್ ಹಾಕಿದ್ರ ಟಿ 2.1, ಪಿ ಸುಮಾರು 0.035. 0.05ಕ್ಕಿಂತ ಕಡಿಮಿ, ಸಿಗ್ನಿಫಿಕಂಟ್! ಆದ್ರ ಎಫೆಕ್ಟ್ ಎಷ್ಟು ದೊಡ್ಡದು ಅಂತ ಹೇಳೋ ಕೋಹೆನ್ ಡಿ ತಗೀರಿ, ಎರಡು ಸರಾಸರಿ M1, M2 ನಡುವಿನ ಫರಕನ್ನ ಎಸ್‌ಡಿಯಿಂದ ಭಾಗಿಸ್ರಿ:

```
d = (M1 - M2) / SD
d = 0.1 / 1.5 = 0.07
```

ಅಂದ್ರ ಹೆಣ್ಮಕ್ಕಳ ನಡುವ ಮೊದ್ಲೇ ಇರೋ ಏರುಪೇರಿನ ಮುಂದ ಗುಳಿಗಿ ತಂದ ಫರಕ್ ಬರೇ ನೂರರಾಗ ಏಳು ಪಾಲು. ಎರಡೂ ಗುಂಪಿಂದ ಒಬ್ಬೊಬ್ಬರನ್ನ ಸುಮ್ನ ಆರಿಸಿ ಜೋಡಿ ಮಾಡಿದ್ರ, 100 ಜೋಡಿಯಾಗ ಸುಮಾರು 52ರಾಗ ಗುಳಿಗಿ ತಗೊಂಡಾಕಿದು ಹೆಚ್ಚಿರ್ತದ. ಗುಳಿಗಿಯಿಂದ ಏನೂ ಆಗಿರಲಿಲ್ಲಂದ್ರೂ 50 ಇರ್ತಿತ್ತು.

ಈಗ ಗುಂಪಿಗೆ 20 ಮಂದಿ ಇಡ್ರಿ, ಫರಕ್ 0.9, ಎಸ್‌ಡಿ ಅದೇ 1.5. ಪಿ 0.065 ಬರ್ತದ, ಹುಡುಗ್ರು "ಎಫೆಕ್ಟ್ ಇಲ್ಲ" ಅಂತ ಬರದು ಮುಗಿಸಿಬಿಡ್ತಾರ. ಆದ್ರ ಡಿ 0.6 ಅದ, 100 ಜೋಡಿಯಾಗ ಸುಮಾರು 66. ಖರೇ ಅಂದ್ರ ಇದನ್ನೂ ನಾ ಗಟ್ಟಿಯಾಗಿ ಹೇಳಂಗಿಲ್ಲ, ಯಾಕಂದ್ರ ಡಿ ಸುತ್ತ 95% ಕಾನ್ಫಿಡೆನ್ಸ್ ಇಂಟರ್ವಲ್ ಹಾಕಿದ್ರ ಸೊನ್ನಿಗಿಂತ ಒಂಚೂರು ಕೆಳಗಿಂದ 1.2ರ ತನಕ ಹರಡ್ತದ. ಅಂದ್ರ ಎಫೆಕ್ಟ್ ಇಲ್ಲ ಅಂತಲ್ಲ, ಇಷ್ಟು ಮಂದಿಯಿಂದ ತಿಳಿಯಂಗಿಲ್ಲ ಅಂತ. ಪಿ ಒಳಗ ಫರಕ್ಕೂ ಮಂದಿ ಲೆಕ್ಕನೂ ಕಲಸಿ ಹೋಗಿರ್ತಾವ, ಮಂದಿ ಹೆಚ್ಚಾದಂಗ ಎಂಥಾ ಸಣ್ಣ ಫರಕ್ಕೂ ಸಿಗ್ನಿಫಿಕಂಟ್ ಆಗ್ತದ. ಡಿ ಹಂಗ ಮಂದಿ ಜೋಡಿ ಬೆಳೆಯಂಗಿಲ್ಲ, ಅದರ ಇಂಟರ್ವಲ್ ಅಷ್ಟೇ ಕಿರಿದಾಗ್ತದ.

ಡಿ 0.2 ಇದ್ರ ಸಣ್ಣದು, 0.5 ಮಧ್ಯಮ, 0.8 ದೊಡ್ಡದು ಅನ್ನೋದನ್ನ ಎಲ್ಲಾರೂ ಬಾಯಿಪಾಠ ಮಾಡ್ಯಾರ. ಅದನ್ನ ಕೊಟ್ಟ ಜೇಕಬ್ ಕೋಹೆನ್ನೇ ಬ್ಯಾರೆ ಆಧಾರ ಇಲ್ಲದಾಗ ಅಷ್ಟೇ ಇದನ್ನ ಬಳಸ್ರಿ ಅಂತ ಎಚ್ಚರಿಸಿದ್ದರು. ಸಾವು ತಪ್ಪಿಸೋ ಅಗ್ಗದ ಔಷಧಕ್ಕ ಸಣ್ಣ ಎಫೆಕ್ಟ್ ಇದ್ರೂ ಬೆಲೆ ಅದ. ಅದಕ್ಕ ಡಿ ಪಕ್ಕದಾಗ ಗ್ರಾಂ ಲೆಕ್ಕನೂ ಬರೀರಿ, 0.9 ಗ್ರಾಂ ಅಂದ್ರ ಡಾಕ್ಟರಿಗೆ ತಟ್ನ ತಿಳಿತದ.

ಇನ್ನೊಂದು, ಭಾಳ ಮಂದಿ ಎಸ್‌ಡಿ ಜಾಗದಾಗ ಸ್ಟ್ಯಾಂಡರ್ಡ್ ಎರರ್, ಅಂದ್ರ ಎಸ್‌ಡಿಯನ್ನ ಗುಂಪಿನ ಮಂದಿ ಲೆಕ್ಕದ ವರ್ಗಮೂಲದಿಂದ ಭಾಗಿಸಿದ್ದು, ಹಾಕಿ ಭಾಗಿಸ್ತಾರ. ಮ್ಯಾಲಿನ 20 ಮಂದಿ ಲೆಕ್ಕದಾಗ ಎರರ್ 0.34 ಆಗ್ತದ, 0.6 ಇದ್ದ ಡಿ 2.7ಕ್ಕ ಹಾರ್ತದ. ಎಸ್‌ಡಿ ಕಾಲಮ್ಮಿನಾಗ ಹಿಮೋಗ್ಲೋಬಿನ್ನಿಗೆ 0.34 ಕಂಡ್ರ ನಾ ಕಚ್ಚಾ ಡೇಟಾ ಶೀಟ್ ತೆರೀರಿ ಅಂತೀನಿ.